ಶಿಫಾರಸು ಮತ್ತು ಕಮಿಷನ್: ಅಫಿಲಿಯೇಟ್ ಗಳಿಕೆಯ ಲೆಕ್ಕ, ಸೆಳೆತ ಮತ್ತು ಪಾರದರ್ಶಕತೆ

ಬ್ಲಾಗಿನಲ್ಲಿ ಅಥವಾ ಯೂಟ್ಯೂಬ್ ಚಾನೆಲ್ಲಿನಲ್ಲಿ ಒಂದು ವಸ್ತುವನ್ನು ಶಿಫಾರಸು ಮಾಡಿ, ಅಲ್ಲಿ ಕೊಟ್ಟ ಲಿಂಕ್ ಹಿಡಿದು ಹೋದವರು ಅದನ್ನು ಕೊಂಡಾಗ ಮಾರಾಟಗಾರರಿಂದ ಕಮಿಷನ್ ಪಡೆಯುವ ವ್ಯವಸ್ಥೆಗೆ ಅಫಿಲಿಯೇಟ್ ಮಾರ್ಕೆಟಿಂಗ್ ಎಂದು ಹೆಸರು. ಮಾಮೂಲಿ ಜಾಹೀರಾತಿನಲ್ಲಿ ಕಂಪನಿ ಹಣ ಕೊಡುವುದು ಜಾಹೀರಾತನ್ನು ತೋರಿಸಿದ್ದಕ್ಕೆ. ಪ್ರಾಯೋಜಿತ ವಿಡಿಯೊದಲ್ಲಿ ಹಣ ಮೊದಲೇ ಮಾತಾಗಿರುತ್ತದೆ. ಅಫಿಲಿಯೇಟ್ ವ್ಯವಸ್ಥೆಯಲ್ಲಿ ಮಾತ್ರ ವಸ್ತು ಮಾರಾಟವಾದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಈ ಒಂದು ವ್ಯತ್ಯಾಸದಿಂದಲೇ ಅದರ ಅನುಕೂಲವೂ ಹುಟ್ಟುತ್ತದೆ, ತೊಡಕೂ ಹುಟ್ಟುತ್ತದೆ. ಯಾವ ಕಂಪನಿಯ ಬಾಗಿಲನ್ನೂ ತಟ್ಟದೆ ಸಣ್ಣ ಬರಹಗಾರನೊಬ್ಬ ಗಳಿಕೆ ಆರಂಭಿಸಬಹುದು ಎಂಬುದು ಅನುಕೂಲ. ಸಲಹೆ ಕೊಡುವವನಿಗೆ ಓದುಗ ಕೊಂಡರಷ್ಟೇ ಲಾಭ ಎಂಬುದು ತೊಡಕು.

ಅಂತರ್ಜಾಲದಲ್ಲಿ ಈ ಪದ್ಧತಿಗೆ ಮೂರು ದಶಕಗಳ ಇತಿಹಾಸವಿದೆ. ಅಮೆರಿಕದಲ್ಲಿ ಸಂಗೀತದ ಸಿ.ಡಿ. ಮಾರುತ್ತಿದ್ದ ಸಿಡಿನೌ 1994ರಲ್ಲಿ ಇಂಥದೊಂದು ಯೋಜನೆ ತಂದಿತು. 1996ರ ಜುಲೈನಲ್ಲಿ ಆಗಿನ್ನೂ ಪುಸ್ತಕದಂಗಡಿಯಾಗಿದ್ದ ಅಮೆಜಾನ್ ತನ್ನ ಅಸೋಸಿಯೇಟ್ಸ್ ಯೋಜನೆಯನ್ನು ಆರಂಭಿಸಿತು. ಭಾರತದಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದು ಆ ಯೋಜನೆಯ ಭಾರತೀಯ ರೂಪವೇ. ಅದಲ್ಲದೆ 2024ರ ಅಕ್ಟೋಬರಿನಲ್ಲಿ ಯೂಟ್ಯೂಬ್ ಸಂಸ್ಥೆಯು ಫ್ಲಿಪ್‌ಕಾರ್ಟ್ ಮತ್ತು ಮಿಂತ್ರಾ ಜೊತೆ ಸೇರಿ ತನ್ನ ಶಾಪಿಂಗ್ ಅಫಿಲಿಯೇಟ್ ಯೋಜನೆಯನ್ನು ಭಾರತಕ್ಕೆ ತಂದಿದೆ. ಈ ಲೇಖನ ಮುಖ್ಯವಾಗಿ ಅಮೆಜಾನ್ ಮಾದರಿಯನ್ನು ಎದುರಿಗಿಟ್ಟುಕೊಂಡು ಇಡೀ ವ್ಯವಸ್ಥೆಯನ್ನು ಪರಿಶೀಲಿಸುತ್ತದೆ.

ಲಿಂಕ್ ಕೆಲಸ ಮಾಡುವ ಬಗೆ

ಯೋಜನೆಗೆ ಸೇರಿದವರಿಗೆ ಅಂಗಡಿ ಒಂದು ಗುರುತು ಕೊಡುತ್ತದೆ. ಭಾರತದ ಅಮೆಜಾನ್‌ನಲ್ಲಿ ಅದು ಸಾಮಾನ್ಯವಾಗಿ 21 ಎಂಬ ಸಂಖ್ಯೆಯಿಂದ ಕೊನೆಯಾಗುತ್ತದೆ. ವಸ್ತುವಿನ ಪುಟದ ವಿಳಾಸಕ್ಕೆ ಈ ಗುರುತನ್ನು ಅಂಟಿಸಿದರೆ ಅದೇ ಅಫಿಲಿಯೇಟ್ ಲಿಂಕ್:

```
https://www.amazon.in/dp/B0XXXXXXXX?tag=example-21
```

ಓದುಗ ಈ ಲಿಂಕ್ ಒತ್ತಿದಾಗ ಅವನ ಬ್ರೌಸರಿನಲ್ಲಿ ಕುಕೀ ಎಂಬ ಸಣ್ಣ ದಾಖಲೆ ಉಳಿಯುತ್ತದೆ. ಇವನು ಯಾರ ಕಡೆಯಿಂದ ಬಂದವನು ಎಂದು ಅಂಗಡಿಗೆ ನೆನಪಿಸುವುದು ಅದೇ. ಅಮೆಜಾನ್‌ನಲ್ಲಿ ಈ ನೆನಪಿನ ಆಯುಸ್ಸು 24 ಗಂಟೆ. ಅಷ್ಟರೊಳಗೆ ಓದುಗ ಕೊಂಡರೆ ಕಮಿಷನ್ ಸಲ್ಲುತ್ತದೆ. ಆತ ಶಿಫಾರಸು ಮಾಡಿದ ವಸ್ತುವನ್ನೇ ಕೊಳ್ಳಬೇಕೆಂದೂ ಇಲ್ಲ. ಮಿಕ್ಸಿಯ ಲಿಂಕ್ ಒತ್ತಿ ಹೋದವನು ಮಗುವಿನ ಡೈಪರ್ ಕೊಂಡರೂ ಆಯಾ ವರ್ಗದ ದರದಂತೆ ಕಮಿಷನ್ ಬರಬಹುದು. ಆದರೆ ನಡುವೆ ಆತ ಇನ್ನೊಬ್ಬರ ಲಿಂಕ್ ಒತ್ತಿದರೆ ಹಳೆಯ ಗುರುತು ಅಳಿದು ಹೊಸದು ಕೂರುತ್ತದೆ. ವಾರವಿಡೀ ಒಬ್ಬರ ವಿಮರ್ಶೆ ಓದಿ, ಕೊಳ್ಳುವ ಗಳಿಗೆಯಲ್ಲಿ ಯಾವುದೋ ಕೂಪನ್ ತಾಣದ ಲಿಂಕ್ ಒತ್ತಿದರೆ ಹಣವೆಲ್ಲ ಕೂಪನ್ ತಾಣಕ್ಕೆ. ಶ್ರಮ ಯಾರದೇ ಇರಲಿ, ಕೊನೆಯ ಲಿಂಕ್ ಯಾರದೋ ಕೂಲಿ ಅವರಿಗೆ.

ಹೀಗಾಗಿ ಲಿಂಕ್ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ಈ ಕೆಲಸದ ಮೊದಲ ಪಾಠ. ಲಿಂಕ್ ತೆರೆದಾಗ ವಿಳಾಸದ ಸಾಲಿನಲ್ಲಿ `tag=` ಎಂಬ ಭಾಗ ಉಳಿದಿರಬೇಕು. ವಸ್ತುವಿನ ಪುಟದಿಂದ ನೇರವಾಗಿ ವಿಳಾಸ ನಕಲು ಮಾಡಿದಾಗ ಈ ಭಾಗ ಸೇರಿರುವುದೇ ಇಲ್ಲ. ಬ್ಲಾಗಿನ ಹಳೆಯ ಪುಟಗಳಲ್ಲಿ ಕಾಣುವ ಇನ್ನೊಂದು ದೋಷವೆಂದರೆ ವಸ್ತು ಮಾರಾಟದಿಂದ ನಿಂತುಹೋಗಿ ಲಿಂಕ್ ಖಾಲಿ ಪುಟಕ್ಕೆ ಹೋಗುವುದು. ಬ್ಲಾಗಿನ ಲೆಕ್ಕದಲ್ಲಿ ಕ್ಲಿಕ್‌ಗಳು ಎಂದಿನಂತೆ ಬರುತ್ತಿದ್ದು ಅಂಗಡಿಯ ವರದಿಯಲ್ಲಿ ಆರ್ಡರ್‌ಗಳು ಒಮ್ಮೆಲೇ ನಿಂತರೆ ಕಾರಣ ಬಹುತೇಕ ಇವೆರಡರಲ್ಲೊಂದು. ಪ್ರತಿ ಬರಹಕ್ಕೂ ಬೇರೆ ಬೇರೆ ಗುರುತು ಮಾಡಿಕೊಂಡವರಿಗೆ ತೊಂದರೆ ಎಲ್ಲಿದೆ ಎಂಬುದು ಅಂಗಡಿಯ ವರದಿಯಲ್ಲೇ ಕಾಣುತ್ತದೆ.

ವಿದೇಶದಲ್ಲಿರುವ ಕನ್ನಡಿಗರೂ ಓದುವ ಬ್ಲಾಗಿಗೆ ಮತ್ತೊಂದು ಮಿತಿಯಿದೆ. ಭಾರತದ ಅಂಗಡಿಯ ಗುರುತು ಅಮೆರಿಕದ ಅಮೆಜಾನ್‌ನಲ್ಲಿ ನಡೆಯುವುದಿಲ್ಲ. ಅಲ್ಲಿನ ಓದುಗರಿಗಾಗಿ ಅಲ್ಲಿನ ಯೋಜನೆಗೇ ಪ್ರತ್ಯೇಕವಾಗಿ ಸೇರಬೇಕು.

ಒಂದು ಬರಹದ ಲೆಕ್ಕ

ಮನೆಬಳಕೆಯ ಸಾಮಾನುಗಳ ಬಗ್ಗೆ ಬರೆಯುವ ಕನ್ನಡ ಬ್ಲಾಗೊಂದನ್ನು ಊಹಿಸಿಕೊಳ್ಳಬಹುದು. ಅದರಲ್ಲಿ ಮಿಕ್ಸಿ ಆರಿಸುವುದು ಹೇಗೆ ಎಂಬ ಬರಹವಿದೆ. 750 ವಾಟ್‌ನ, ಮೂರು ಜಾರ್‌ಗಳ ಒಂದು ಮಿಕ್ಸಿಯ ಬೆಲೆ 4,130 ರೂಪಾಯಿ ಎಂದಿಟ್ಟುಕೊಳ್ಳೋಣ. ಕಮಿಷನ್ ಲೆಕ್ಕ ಹಾಕುವುದು ಈ ಮೊತ್ತದ ಮೇಲಲ್ಲ, ತೆರಿಗೆ ಕಳೆದ ಬೆಲೆಯ ಮೇಲೆ. 18% ಜಿಎಸ್‌ಟಿ ಕಳೆದರೆ ಉಳಿಯುವುದು 3,500. ದರ 4% ಎಂದು ಹಿಡಿದರೆ ಒಂದು ಮಿಕ್ಸಿಗೆ 140 ರೂಪಾಯಿ. ದರಗಳು ವರ್ಗದಿಂದ ವರ್ಗಕ್ಕೆ ಬೇರೆಯಾಗುವುದರಿಂದ ಈ ಸಂಖ್ಯೆ ಲೆಕ್ಕದ ಅನುಕೂಲಕ್ಕಷ್ಟೆ.

ತಿಂಗಳಿಗೆ 5,000 ಜನ ಆ ಬರಹ ಓದುತ್ತಾರೆ, ಅವರಲ್ಲಿ 10% ಅಂದರೆ 500 ಮಂದಿ ಲಿಂಕ್ ಒತ್ತುತ್ತಾರೆ, ಒತ್ತಿದವರಲ್ಲಿ 4% ಅಂದರೆ 20 ಮಂದಿ ಕೊಳ್ಳುತ್ತಾರೆ ಎಂದುಕೊಂಡರೆ ಕಮಿಷನ್ 2,800 ರೂಪಾಯಿ. ಇಬ್ಬರು ವಸ್ತುವನ್ನು ಹಿಂತಿರುಗಿಸಿದರೆ ಅವರ ಪಾಲು ಕಳೆದು ಉಳಿಯುವುದು 2,520. ಹಿಂತಿರುಗಿಸುವ ಅವಧಿ ಮುಗಿಯಬೇಕಾದ್ದರಿಂದ ಹಣವೂ ಕೂಡಲೇ ಕೈಗೆ ಬರುವುದಿಲ್ಲ. ಅಮೆಜಾನ್‌ನಲ್ಲಿ ಒಂದು ತಿಂಗಳ ಗಳಿಕೆ ಆ ತಿಂಗಳು ಮುಗಿದ ಸುಮಾರು 60 ದಿನಗಳ ಮೇಲೆ ಪಾವತಿಯಾಗುತ್ತದೆ. ವರ್ಷವಿಡೀ ಇದೇ ಮಟ್ಟ ಉಳಿದರೆ ಒಟ್ಟು 30,240 ರೂಪಾಯಿ. ಕಮಿಷನ್ ಆದಾಯದ ಮೇಲೆ ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆಯ ದರ 2024ರ ಅಕ್ಟೋಬರಿನಿಂದ 5ರಿಂದ 2%ಗೆ ಇಳಿದಿದೆ. ಮುರಿದುಕೊಂಡದ್ದನ್ನು ಲೆಕ್ಕಕ್ಕೆ ಹಿಡಿದು, ಇಡೀ ಗಳಿಕೆಯನ್ನು ರಿಟರ್ನ್ಸ್‌ನಲ್ಲಿ ಆದಾಯವೆಂದು ತೋರಿಸಬೇಕು.

ಈ ಲೆಕ್ಕದ ಇನ್ನೊಂದು ಬದಿ ಖರ್ಚಿನದು. ಆ ಬರಹ ನಂಬಿಕೆಗೆ ಅರ್ಹವಾಗಬೇಕಾದರೆ ಬರೆದವರು ಕೆಲವು ಮಿಕ್ಸಿಗಳನ್ನಾದರೂ ಬಳಸಿ ನೋಡಿರಬೇಕು. ನೆನೆಸಿದ ಉದ್ದನ್ನು ರುಬ್ಬಿದಾಗ ಹಿಟ್ಟು ಎಷ್ಟು ಬಿಸಿಯಾಗುತ್ತದೆ, ಒಣ ಅರಿಸಿನ ಎಷ್ಟು ನುಣ್ಣಗಾಗುತ್ತದೆ, ಚಿಕ್ಕ ಜಾರಿನಲ್ಲಿ ಅರ್ಧ ಬಟ್ಟಲು ಚಟ್ನಿ ಬ್ಲೇಡಿಗೆ ಸಿಗುತ್ತದೆಯೇ, ಹೊರೆ ಹೆಚ್ಚಾದಾಗ ಮೋಟಾರ್ ತಾನೇ ನಿಲ್ಲುತ್ತದೆಯೇ ಎಂಬುದು ಕಂಪನಿಯ ವಿವರಪಟ್ಟಿಯಲ್ಲಿ ಇರುವುದಿಲ್ಲ. ಅದೇ ಬೆಲೆಯ ಐದು ಮಿಕ್ಸಿ ಕೊಂಡರೆ 20,650 ರೂಪಾಯಿ. ವರ್ಷದ ಗಳಿಕೆಯಲ್ಲಿ ಮೂರನೆಯ ಎರಡು ಭಾಗ ಅಲ್ಲಿಗೇ ಹೋಯಿತು. ವಿವರಪಟ್ಟಿಗಳನ್ನು ಜೋಡಿಸಿ ಮಾಡಿದ ಹತ್ತು ಅತ್ಯುತ್ತಮ ಮಿಕ್ಸಿಗಳ ಪಟ್ಟಿಗೆ ಖರ್ಚೇ ಇಲ್ಲ, ಕಮಿಷನ್ ಮಾತ್ರ ಅಷ್ಟೇ. ಅಂತರ್ಜಾಲ ಇಂಥ ಪಟ್ಟಿಗಳಿಂದ ತುಂಬಿರುವುದಕ್ಕೆ ಬರೆಯುವವರ ಸೋಮಾರಿತನಕ್ಕಿಂತ ಈ ಲೆಕ್ಕವೇ ದೊಡ್ಡ ಕಾರಣ.

ಗಳಿಕೆಯ ದರವೂ ಬರಹಗಾರನ ಕೈಯಲ್ಲಿಲ್ಲ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಅಮೆಜಾನ್ ಪೀಠೋಪಕರಣಗಳ ಕಮಿಷನ್ ದರವನ್ನು 8ರಿಂದ 3%ಗೂ ದಿನಸಿಯ ದರವನ್ನು 5ರಿಂದ 1%ಗೂ ಇಳಿಸಿತು. ಓದುಗರ ಸಂಖ್ಯೆ ಒಬ್ಬರಷ್ಟೂ ಕುಗ್ಗದೆ ಹಲವು ತಾಣಗಳ ವರಮಾನ ಅರ್ಧಕ್ಕಿಂತ ಕೆಳಗೆ ಬರುವಂಥ ಬದಲಾವಣೆ ಅದು.

ಕಮಿಷನ್ ಸೆಳೆಯುವ ದಿಕ್ಕು

ಕಮಿಷನ್ ಶಿಫಾರಸನ್ನು ಸುಳ್ಳು ಮಾಡಲೇಬೇಕೆಂದಿಲ್ಲ. ಆದರೆ ಅದು ಮೂರು ಕಡೆ ಎಳೆಯುತ್ತದೆ, ಮೂರನ್ನೂ ಮಿಕ್ಸಿಯ ಉದಾಹರಣೆಯಲ್ಲೇ ಕಾಣಬಹುದು.

ಮೊದಲನೆಯದು ಬೆಲೆಯ ಸೆಳೆತ. ಇಬ್ಬರೇ ಇರುವ ಮನೆಗೆ 500 ವಾಟ್‌ನ 2,360 ರೂಪಾಯಿಯ ಮಿಕ್ಸಿ ಸಾಕು. ಅದರ ಕಮಿಷನ್ 80 ರೂಪಾಯಿ, ದೊಡ್ಡದರದು 140. ಎರಡನೆಯದು ಅಂಗಡಿಯ ಸೆಳೆತ. ಒಳ್ಳೆಯ ವಸ್ತುವೊಂದು ಊರಿನ ಪಾತ್ರೆ ಅಂಗಡಿಯಲ್ಲಿ ಮಾತ್ರ ಸಿಗುವುದಾದರೆ, ಅಥವಾ ಕಮಿಷನ್ ಕೊಡದ ತಯಾರಕರ ತಾಣದಲ್ಲಿ ಅಗ್ಗವಾಗಿದ್ದರೆ, ಅದು ಪಟ್ಟಿಗೇ ಬರುವುದಿಲ್ಲ. ಓದುಗನಿಗೆ ಕಾಣುವುದು ಇರುವ ಹತ್ತು ವಸ್ತುಗಳು. ಬಿಟ್ಟುಹೋದ ಹನ್ನೊಂದನೆಯದು ಕಾಣುವುದಿಲ್ಲ. ಮೂರನೆಯದು ಕೊಳ್ಳುವಿಕೆಯದೇ ಸೆಳೆತ. ಮಿಕ್ಸಿಯ ಮೋಟಾರ್ ತಿರುಗುತ್ತಿದ್ದು ಜಾರ್ ಮಾತ್ರ ತಿರುಗದಿದ್ದರೆ ಹಲವು ಸಲ ಸವೆದಿರುವುದು ತಳದ ಕಪ್ಲರ್. ರಿಪೇರಿ ಅಂಗಡಿಯಲ್ಲಿ ಅಲ್ಪ ಖರ್ಚಿಗೆ ಅದನ್ನು ಬದಲಿಸಿಕೊಡುತ್ತಾರೆ. ಹೊಸ ಮಿಕ್ಸಿ ಬೇಡ, ಕಪ್ಲರ್ ಹಾಕಿಸಿ ಎಂಬ ಸಲಹೆ ಓದುಗನಿಗೆ ನಾಲ್ಕು ಸಾವಿರ ಉಳಿಸುತ್ತದೆ, ಬರೆದವನಿಗೆ ಒಂದು ಪೈಸೆಯನ್ನೂ ತರುವುದಿಲ್ಲ.

ಈ ಸೆಳೆತಗಳನ್ನು ತಡೆಯಲು ದೊಡ್ಡ ತಾಣಗಳು ಹಿಡಿದಿರುವ ದಾರಿ ಬರೆಯುವವರನ್ನೂ ಹಣ ನೋಡುವವರನ್ನೂ ಬೇರೆ ಇಡುವುದು. 2011ರಲ್ಲಿ ಆರಂಭವಾಗಿ 2016ರಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡ ವೈರ್‌ಕಟರ್ ಬಹುಪಾಲು ಅಫಿಲಿಯೇಟ್ ಕಮಿಷನ್‌ನ ಮೇಲೆಯೇ ಬೆಳೆದ ತಾಣ. ವಸ್ತುಗಳನ್ನು ಪರೀಕ್ಷಿಸಿ ಆರಿಸುವವರಿಗೆ ಕಮಿಷನ್ ವ್ಯವಹಾರದ ಸೋಂಕು ತಗಲದಂತೆ ನೋಡಿಕೊಳ್ಳುವುದು ಅದರ ಘೋಷಿತ ನೀತಿ. ಒಬ್ಬರೇ ನಡೆಸುವ ಬ್ಲಾಗಿನಲ್ಲಿ ಇದು ಸಾಧ್ಯವಿಲ್ಲ. ಅಲ್ಲಿ ಮಾಡಬಹುದಾದದ್ದು ಮೊದಲು ಲಿಂಕ್ ಇಲ್ಲದೆ ತೀರ್ಮಾನ ಬರೆದು ಮುಗಿಸಿ, ಯಾವ ವಸ್ತು ಯಾರಿಗೆ ಬೇಡ ಎಂಬುದನ್ನೂ ಸೇರಿಸಿ, ಆಮೇಲೆ ಲಿಂಕ್ ಹುಡುಕುವುದು. ಕಮಿಷನ್ ಸಿಗದ ವಸ್ತುವೂ ಹೆಸರಿನೊಡನೆ ಪಟ್ಟಿಯಲ್ಲಿ ಉಳಿಯುವುದು ಇದರಿಂದ.

ಓದುಗನಿಗೆ ಹೇಳಬೇಕಾದದ್ದು

ಸೆಳೆತ ಇದೆ ಎಂಬುದನ್ನು ಓದುಗನಿಗೆ ತಿಳಿಸಿದರೆ ಆತ ಶಿಫಾರಸಿನ ತೂಕವನ್ನು ತಾನೇ ನೋಡಿಕೊಳ್ಳಬಲ್ಲ. ಸೂಚನೆಯ ಉದ್ದೇಶ ಅಷ್ಟೆ. ಅದು ಸಫಲವಾಗಬೇಕಾದರೆ ಮೂರು ಗುಣ ಬೇಕು: ಅರ್ಥವಾಗಬೇಕು, ಲಿಂಕ್ ಒತ್ತುವ ಮೊದಲೇ ಕಣ್ಣಿಗೆ ಬೀಳಬೇಕು, ನಿಜ ಸಂಬಂಧವನ್ನು ಪೂರ್ತಿ ಹೇಳಬೇಕು.

ಅರ್ಥದ ವಿಷಯದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ಮಾರ್ಗದರ್ಶನ ಸ್ಪಷ್ಟವಾಗಿದೆ: ಅಫಿಲಿಯೇಟ್ ಲಿಂಕ್ ಎಂದಷ್ಟೇ ಬರೆದರೆ, ಹಣ ಸಿಗುತ್ತದೆಂಬುದು ಓದುಗನಿಗೆ ಹೊಳೆಯದಿರಬಹುದು. ಕನ್ನಡ ಓದುಗರ ಮಟ್ಟಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಮಿಕ್ಸಿಯ ಬರಹಕ್ಕೆ ಒಪ್ಪುವ ಸೂಚನೆ ಹೀಗಿರಬಹುದು: “ಈ ಬರಹದ ಲಿಂಕ್‌ಗಳಿಂದ ನೀವು ಏನನ್ನಾದರೂ ಕೊಂಡರೆ ಅಂಗಡಿಯವರು ನಮಗೆ ಕಮಿಷನ್ ಕೊಡುತ್ತಾರೆ. ಎರಡು ಮಿಕ್ಸಿಗಳನ್ನು ನಾವೇ ಕೊಂಡು ಬಳಸಿದ್ದೇವೆ. ಒಂದನ್ನು ಕಂಪನಿ ಉಚಿತವಾಗಿ ಕಳಿಸಿತ್ತು. ಉಳಿದ ಎರಡರ ಬಗ್ಗೆ ಬರೆದದ್ದು ಕಂಪನಿ ಕೊಟ್ಟ ವಿವರಗಳಿಂದ.” ಮೊದಲ ವಾಕ್ಯ ಹಣದ್ದು, ಉಳಿದವು ಅನುಭವದವು. ಓದುಗನಿಗೆ ಎರಡೂ ಬೇಕು. ಇದರ ಜೊತೆಗೆ, ಅಮೆಜಾನ್ ಯೋಜನೆಯ ಒಪ್ಪಂದದಂತೆ, ಅರ್ಹ ಖರೀದಿಗಳಿಂದ ತಾನು ಗಳಿಸುವುದಾಗಿ ಹೇಳುವ ನಿಗದಿತ ವಾಕ್ಯವನ್ನೂ ತಾಣದಲ್ಲಿ ಹಾಕಬೇಕಾಗುತ್ತದೆ.

ಜಾಗದ ವಿಷಯದಲ್ಲಿ ತಪ್ಪುವವರೇ ಹೆಚ್ಚು. ಬ್ಲಾಗಿನ ಅಡಿಯಲ್ಲಿ, ಅಥವಾ ನಮ್ಮ ಬಗ್ಗೆ ಎಂಬ ಬೇರೆ ಪುಟದಲ್ಲಿ ಬರೆದಿಟ್ಟ ಸೂಚನೆಯನ್ನು ಲಿಂಕ್ ಒತ್ತುವವನು ನೋಡಿರುವುದಿಲ್ಲ. ಸೂಚನೆ ಬರಹದ ಆರಂಭದಲ್ಲಿ, ಮೊದಲ ಲಿಂಕ್‌ಗಿಂತ ಮೇಲೆ ಇರಬೇಕು. ಯೂಟ್ಯೂಬ್ ವಿಡಿಯೊದ ಕೆಳಗಿನ ವಿವರಣೆಯಲ್ಲಿ ಮೊದಲೆರಡು ಸಾಲು ಬಿಟ್ಟರೆ ಉಳಿದದ್ದು ಮಡಚಿಕೊಂಡಿರುತ್ತದೆ. ಇಪ್ಪತ್ತು ಲಿಂಕ್‌ಗಳಾದ ಮೇಲೆ ಬರುವ ಸೂಚನೆ ಇದ್ದೂ ಇಲ್ಲದಂತೆ. ವಿಡಿಯೊ ನೋಡುವವರಲ್ಲಿ ಎಷ್ಟೋ ಮಂದಿ ವಿವರಣೆ ತೆರೆಯುವುದೇ ಇಲ್ಲವಾದ್ದರಿಂದ, ಶಿಫಾರಸು ಮಾಡುವ ಹೊತ್ತಿನಲ್ಲೇ ಬಾಯಲ್ಲೂ ಹೇಳಿ ತೆರೆಯ ಮೇಲೂ ತೋರಿಸಬೇಕು.

ಓದುಗನಿಗೆ ಹೇಳುವುದರ ಜೊತೆಗೆ ಹುಡುಕುಯಂತ್ರಕ್ಕೂ ತಿಳಿಸುವ ಕ್ರಮವಿದೆ. ಹಣದ ಸಂಬಂಧವಿರುವ ಲಿಂಕ್‌ಗಳನ್ನು ಗುರುತಿಸಲು ಗೂಗಲ್ 2019ರ ಸೆಪ್ಟೆಂಬರಿನಲ್ಲಿ `rel="sponsored"` ಎಂಬ ಚಿಹ್ನೆಯನ್ನು ತಂದಿತು. ಇದು ಪುಟದ ಒಳಗಿನ ಸಂಕೇತ, ಓದುಗನಿಗೆ ಕಾಣುವುದಿಲ್ಲ. ಆದ್ದರಿಂದ ಸೂಚನೆಗೆ ಬದಲಾಗಲಾರದು.

ಕಾನೂನು ಹೇಳುವುದು

ಭಾರತದಲ್ಲಿ ಈ ವಿಷಯಕ್ಕೆ ಎರಡು ಬಗೆಯ ನಿಯಮಗಳಿವೆ. ಒಂದು, ಜಾಹೀರಾತು ಕ್ಷೇತ್ರದ ಸ್ವಯಂ ನಿಯಂತ್ರಣ ಸಂಸ್ಥೆಯಾದ ಎಎಸ್‌ಸಿಐ 2021ರ ಮೇ ತಿಂಗಳಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆಂದು ಹೊರಡಿಸಿದ ಮಾರ್ಗಸೂಚಿ. ಆ ವರ್ಷದ ಜೂನ್ 14ರಿಂದ ಜಾರಿಗೆ ಬಂದ ಇದು ವಿಡಿಯೊದಲ್ಲಿ ಸೂಚನೆ ಎಷ್ಟು ಹೊತ್ತು ಇರಬೇಕೆಂಬುದನ್ನೂ ಹೇಳಿತು: 15 ಸೆಕೆಂಡ್‌ವರೆಗಿನ ವಿಡಿಯೊದಲ್ಲಿ ಕನಿಷ್ಠ 3 ಸೆಕೆಂಡ್, ಎರಡು ನಿಮಿಷದವರೆಗಿನದರಲ್ಲಿ ಮೂರನೆಯ ಒಂದು ಭಾಗ, ಅದಕ್ಕಿಂತ ಉದ್ದವಾದರೆ ಆ ವಸ್ತುವಿನ ಮಾತು ನಡೆಯುವಷ್ಟು ಹೊತ್ತೂ. ಧ್ವನಿ ಕಾರ್ಯಕ್ರಮಗಳಲ್ಲಿ ಆರಂಭದಲ್ಲೂ ಕೊನೆಯಲ್ಲೂ ಸೂಚನೆ ಕೇಳಿಸಬೇಕು.

ಎರಡನೆಯದು ಸರ್ಕಾರದ ಕಾನೂನು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಶಿಫಾರಸು ಮಾಡುವವನ ಮಾತು ಪ್ರಾಮಾಣಿಕವಾದ, ಸದ್ಯಕ್ಕೂ ನಿಜವಾದ ಅಭಿಪ್ರಾಯವಾಗಿರಬೇಕು. ವಸ್ತುವಿನ ಬಗ್ಗೆ ಸಾಕಷ್ಟು ಮಾಹಿತಿ ಅಥವಾ ಅನುಭವ ಅವನಿಗಿರಬೇಕು ಎಂದು ಅದು ಹೇಳುತ್ತದೆ. 2023ರ ಜನವರಿ 20ರಂದು ಗ್ರಾಹಕ ವ್ಯವಹಾರಗಳ ಇಲಾಖೆ ಇದನ್ನು ಸರಳವಾಗಿ ವಿವರಿಸುವ ಕೈಪಿಡಿ ಪ್ರಕಟಿಸಿತು. ಹಣ, ಉಚಿತ ವಸ್ತು, ರಿಯಾಯಿತಿ, ಪ್ರವಾಸ, ಹೋಟೆಲ್ ವಾಸ, ಕೌಟುಂಬಿಕ ಅಥವಾ ಉದ್ಯೋಗದ ನಂಟು ಇವೆಲ್ಲವೂ ಹೇಳಲೇಬೇಕಾದ ಸಂಬಂಧಗಳು. ಸೂಚನೆಯನ್ನು ಹ್ಯಾಶ್‌ಟ್ಯಾಗ್‌ಗಳ ಅಥವಾ ಲಿಂಕ್‌ಗಳ ಗುಂಪಿನಲ್ಲಿ ಬೆರೆಸುವಂತಿಲ್ಲ. ನೇರಪ್ರಸಾರದಲ್ಲಿ ಅದು ಉದ್ದಕ್ಕೂ ಕಾಣುತ್ತಿರಬೇಕು. ಮುಖ್ಯವಾಗಿ, ಶಿಫಾರಸು ಯಾವ ಭಾಷೆಯಲ್ಲಿದೆಯೋ ಸೂಚನೆಯೂ ಅದೇ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಹತ್ತು ನಿಮಿಷ ಮಾತಾಡಿ, ಕೆಳಗೆ ಇಂಗ್ಲಿಷ್‌ನಲ್ಲಿ ಒಂದು ಸಾಲು ಹಾಕಿದರೆ ನಿಯಮ ಪಾಲಿಸಿದಂತಾಗುವುದಿಲ್ಲ.

ದಾರಿತಪ್ಪಿಸುವ ಶಿಫಾರಸಿಗೆ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಮೊದಲ ಸಲ ಒಂದು ವರ್ಷದವರೆಗೆ, ಆಮೇಲೆ ಮೂರು ವರ್ಷದವರೆಗೆ ಶಿಫಾರಸು ಮಾಡದಂತೆ ನಿಷೇಧಿಸಬಹುದು. ಹೇಳಿಕೆಗಳು ನಿಜವೇ ಎಂದು ಸಾಕಷ್ಟು ಪರಿಶೀಲಿಸಿದ್ದವರಿಗೆ ಕಾಯ್ದೆ ರಕ್ಷಣೆಯನ್ನೂ ಕೊಡುತ್ತದೆ. ಹೀಗಾಗಿ ಮಿಕ್ಸಿ ಕೊಂಡ ಬಿಲ್ಲು, ಪರೀಕ್ಷೆಯ ಟಿಪ್ಪಣಿ ಮತ್ತು ಚಿತ್ರಗಳನ್ನು ಇಟ್ಟುಕೊಳ್ಳುವುದು ಬರಹಗಾರನಿಗೇ ಕ್ಷೇಮ. ಅಮೆರಿಕದ ಗ್ರಾಹಕರ ಮೇಲೂ ಪರಿಣಾಮವಾಗುವುದೆಂದು ಊಹಿಸಬಹುದಾದ ಶಿಫಾರಸು ಹೊರದೇಶದಿಂದ ಬಂದರೂ ತಮ್ಮ ನಿಯಮ ಅದಕ್ಕೆ ಅನ್ವಯಿಸುತ್ತದೆ ಎಂಬುದು ಫೆಡರಲ್ ಟ್ರೇಡ್ ಕಮಿಷನ್‌ನ ನಿಲುವು. ಅನಿವಾಸಿ ಕನ್ನಡಿಗರಿಗಾಗಿ ನಡೆಯುವ ಚಾನೆಲ್‌ಗಳಿಗೆ ಇದು ಸಂಬಂಧಿಸಿದ ಮಾತು.

ಮೋಸದ ದಾರಿಗಳು

ಕೊನೆಯ ಲಿಂಕ್‌ನವರಿಗೇ ಹಣ ಎಂಬ ನಿಯಮ ಮೋಸಕ್ಕೂ ದಾರಿ ಮಾಡಿದೆ. ಓದುಗ ಏನನ್ನೂ ಒತ್ತದಿದ್ದರೂ ಅವನ ಬ್ರೌಸರಿನೊಳಗೆ ಗುಟ್ಟಾಗಿ ಕುಕೀ ತುರುಕುವುದು ಇದರಲ್ಲಿ ಹಳೆಯ ತಂತ್ರ. ಆತ ಮುಂದೆ ತಾನಾಗಿಯೇ ಅಂಗಡಿಗೆ ಹೋಗಿ ಕೊಂಡರೂ ಕಮಿಷನ್ ತುರುಕಿದವನಿಗೆ ಹೋಗುತ್ತದೆ. ಇಬೇ ಸಂಸ್ಥೆಯ ಅತಿ ದೊಡ್ಡ ಅಫಿಲಿಯೇಟ್‌ಗಳಾಗಿದ್ದ ಇಬ್ಬರು ಈ ತಂತ್ರಕ್ಕಾಗಿ 2014ರಲ್ಲಿ ಅಮೆರಿಕದ ನ್ಯಾಯಾಲಯದಿಂದ ಜೈಲುಶಿಕ್ಷೆಗೆ ಗುರಿಯಾದರು. ಇಲ್ಲಿ ಕೊಳ್ಳುವವನಿಗೆ ನಷ್ಟ ಕಾಣದು; ನಷ್ಟ ಅಂಗಡಿಯದು ಮತ್ತು ನಿಜವಾಗಿ ಶಿಫಾರಸು ಮಾಡಿದವರದು.

ಸಣ್ಣ ಬ್ಲಾಗುಗಳಲ್ಲಿ ಮೋಸವೆಂದು ತಿಳಿಯದೆಯೇ ನಡೆಯುವ ತಪ್ಪುಗಳೂ ಇವೆ. ತನ್ನದೇ ಲಿಂಕ್‌ನಿಂದ ತಾನೇ ಕೊಳ್ಳುವುದು, ಲಿಂಕ್‌ನಿಂದ ಕೊಂಡವರಿಗೆ ಕಮಿಷನ್‌ನಲ್ಲಿ ಪಾಲು ಕೊಡುತ್ತೇನೆನ್ನುವುದು, ಅಂಗಡಿಯ ಬೆಲೆಯನ್ನು ಬರಹದಲ್ಲಿ ಕೈಯಾರೆ ಟೈಪ್ ಮಾಡಿ ತಿಂಗಳುಗಟ್ಟಲೆ ಹಾಗೇ ಬಿಡುವುದು ಅಮೆಜಾನ್‌ನ ನಿಯಮಗಳಿಗೆ ವಿರುದ್ಧ. ಇವುಗಳಿಂದ ಖಾತೆಯೇ ಮುಚ್ಚಬಹುದು, ಅದರೊಡನೆ ಬಾಕಿ ಕಮಿಷನ್ ಕೂಡ ಹೋಗಬಹುದು. ಹೊಸದಾಗಿ ಸೇರಿದವರು 180 ದಿನಗಳಲ್ಲಿ ಮೂರು ಅರ್ಹ ಮಾರಾಟಗಳನ್ನಾದರೂ ತರಬೇಕೆಂಬ ಷರತ್ತೂ ಇದೆ. ಗಡುವು ಹತ್ತಿರವಾದಾಗ ಮನೆಯವರಿಂದಲೇ ಕೊಳ್ಳಿಸುವ ಆಸೆ ಹುಟ್ಟುತ್ತದೆ.

ಸೂಚನೆಯ ಮಿತಿ

ಸೂಚನೆ ಹಾಕಿದ ಮಾತ್ರಕ್ಕೆ ಶಿಫಾರಸು ಪ್ರಾಮಾಣಿಕವಾಗುವುದಿಲ್ಲ. ಮುಟ್ಟಿಯೂ ನೋಡದ ಮಿಕ್ಸಿಯನ್ನು ಹೊಗಳಿ, ಮೇಲೆ ಕಮಿಷನ್‌ನ ಸಾಲೊಂದನ್ನು ಅಚ್ಚುಕಟ್ಟಾಗಿ ಹಾಕಿದ ಬರಹ ಒಂದು ನಿಯಮವನ್ನು ಪಾಲಿಸಿ ಇನ್ನೊಂದನ್ನು ಮುರಿಯುತ್ತದೆ. ಹಣದ ಸಂಬಂಧ ಹೇಳುವುದು ಒಂದು ಕರ್ತವ್ಯ. ಹೇಳಿದ ಗುಣಗಳಿಗೆ ಆಧಾರವಿರುವುದು ಮತ್ತೊಂದು. ಲಿಂಕ್‌ನಿಂದ ಕೊಂಡರೂ ಬೆಲೆ ಹೆಚ್ಚಾಗುವುದಿಲ್ಲ ಎಂಬ ರೂಢಿಯ ವಾಕ್ಯವೂ ಅರ್ಧ ಸತ್ಯ. ಲಿಂಕ್‌ನಿಂದ ಬೆಲೆ ಏರದಿರಬಹುದು, ಆದರೆ ಬೇರೆ ಅಂಗಡಿಯಲ್ಲಿ ಅದೇ ವಸ್ತು ಅಗ್ಗವಾಗಿಲ್ಲ ಎಂದು ಆ ವಾಕ್ಯ ಹೇಳುವುದಿಲ್ಲ.

ಬರಹವೊಂದು ಯಾವ ಬಗೆಯದೆಂದು ಓದುಗ ಕೆಲವು ಗುರುತುಗಳಿಂದ ತಿಳಿಯಬಹುದು. ಪಟ್ಟಿಯಲ್ಲಿರುವ ಪ್ರತಿ ವಸ್ತುವಿಗೂ ಲಿಂಕ್ ಇದೆಯೇ, ಎಲ್ಲವೂ ಒಂದೇ ಅಂಗಡಿಯದೇ, ಹೇಳಿದ ದೋಷಗಳು ಯಾವ ವಸ್ತುವಿಗಾದರೂ ಹೊಂದುವಂಥವೇ, ಚಿತ್ರಗಳೆಲ್ಲ ಕಂಪನಿಯವೇ, ಶೀರ್ಷಿಕೆಯಲ್ಲಿ ಈ ವರ್ಷದ ಅಂಕಿ ಇದ್ದರೂ ಒಳಗಿನ ಮಾತು ಹಳೆಯದೇ ಎಂದು ನೋಡಿದರೆ ಬಹುಪಾಲು ತಿಳಿಯುತ್ತದೆ. ಇದೇ ಪ್ರಶ್ನೆಗಳನ್ನು ಬರೆಯುವವನು ಪ್ರಕಟಿಸುವ ಮೊದಲು ತನ್ನ ಬರಹಕ್ಕೆ ಕೇಳಿಕೊಳ್ಳಬಹುದು. ಒಂದು ಮಿಕ್ಸಿಗೆ 140 ರೂಪಾಯಿ ಬರುವ ಈ ವ್ಯವಹಾರದಲ್ಲಿ ಒಬ್ಬ ಓದುಗ ಒಮ್ಮೆ ಕೊಂಡು ಹೋದರೆ ಲೆಕ್ಕಕ್ಕೆ ಸಿಗುವುದು ಅಲ್ಪ. ಅವನು ಮುಂದೆ ಕುಕ್ಕರ್‌ಗೂ ಫ್ಯಾನಿಗೂ ಅದೇ ಬ್ಲಾಗನ್ನು ಹುಡುಕಿ ಬಂದಾಗಲೇ ಪರೀಕ್ಷೆಗೆ ಹಾಕಿದ ಖರ್ಚು ಗಿಟ್ಟುತ್ತದೆ.